ಯೂರಿಕ್ ಆಮ್ಲ ಹೆಚ್ಚಾದಾಗ ತಟ್ಟೆಯಿಂದ ತೆಗೆಯಬೇಕಾದದ್ದು ಯಾವುದು?



ರಕ್ತಪರೀಕ್ಷೆಯ ಚೀಟಿಯಲ್ಲಿ ಯೂರಿಕ್ ಆಮ್ಲ ಹೆಚ್ಚಿದೆ ಎಂದು ಕಂಡ ಮರುದಿನವೇ ನಮ್ಮ ಅನೇಕ ಮನೆಗಳಲ್ಲಿ ಮೊದಲು ನಿಲ್ಲುವುದು ಬೇಳೆ ಸಾರು. ತೊಗರಿ ಬೇಡ, ಉದ್ದು ಬೇಡ, ಪಾಲಕ್ ಬೇಡ, ಟೊಮೆಟೊ ಬೇಡ ಎಂದು ಅಕ್ಕಪಕ್ಕದವರೂ ಪಟ್ಟಿ ಕೊಡುತ್ತಾರೆ. ಆದರೆ ಭಾನುವಾರದ ಹಂದಿಮಾಂಸ, ಹಬ್ಬದ ಬಿಯರು, ಶುಕ್ರವಾರದ ಬೂತಾಯಿ ಮೀನು, ಮಕ್ಕಳೊಂದಿಗೆ ಕುಡಿಯುವ ತಂಪುಪಾನೀಯ, ಇವು ಎಂದಿನಂತೆಯೇ ನಡೆಯುತ್ತವೆ. ಹೀಗೆ ಪಥ್ಯ ಮಾಡಿದವರಿಗೆ ಎರಡು ತಿಂಗಳಲ್ಲಿ ಮತ್ತೆ ಕಾಲು ಊದಿಕೊಂಡಾಗ, "ಪಥ್ಯದಿಂದ ಏನೂ ಪ್ರಯೋಜನವಿಲ್ಲ" ಎನಿಸುತ್ತದೆ. ಇಲ್ಲಿ ತಪ್ಪಿರುವುದು ಪಥ್ಯವಲ್ಲ, ಪಥ್ಯದ ಕ್ರಮ. ಯಾವುದನ್ನು ಮೊದಲು ಬಿಡಬೇಕು, ಯಾವುದನ್ನು ಅಳತೆಯಲ್ಲಿ ತಿನ್ನಬಹುದು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂಬುದನ್ನು ಈ ವಾರ ನೋಡೋಣ.

ಯೂರಿಕ್ ಆಮ್ಲ ಎಲ್ಲಿಂದ ಬರುತ್ತದೆ?

ನಮ್ಮ ದೇಹದ ಪ್ರತಿಯೊಂದು ಜೀವಕೋಶದಲ್ಲಿಯೂ, ನಾವು ತಿನ್ನುವ ಪ್ರಾಣಿ ಮತ್ತು ಸಸ್ಯಗಳ ಜೀವಕೋಶಗಳಲ್ಲಿಯೂ ಪ್ಯೂರಿನ್ ಎಂಬ ಪದಾರ್ಥವಿದೆ. ಹಳೆಯ ಜೀವಕೋಶಗಳು ಸತ್ತು ಹೊಸವು ಹುಟ್ಟುವಾಗ, ಮತ್ತು ತಿಂದ ಆಹಾರ ಜೀರ್ಣವಾಗುವಾಗ, ಈ ಪ್ಯೂರಿನ್ ಒಡೆದು ಕೊನೆಗೆ ಯೂರಿಕ್ ಆಮ್ಲವಾಗುತ್ತದೆ. ಒಟ್ಟು ಯೂರಿಕ್ ಆಮ್ಲದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ದೇಹದೊಳಗೇ ಹುಟ್ಟುತ್ತದೆ. ಉಳಿದ ಒಂದು ಪಾಲು ಮಾತ್ರ ಆಹಾರದಿಂದ ಬರುತ್ತದೆ. ಇದನ್ನು ಹೊರಹಾಕುವ ಕೆಲಸದ ಹೆಚ್ಚಿನ ಭಾಗ ಮೂತ್ರಪಿಂಡಗಳದ್ದು, ಉಳಿದದ್ದು ಕರುಳಿನದ್ದು.

ರಕ್ತದ ಒಂದು ಡೆಸಿಲೀಟರಿನಲ್ಲಿ ಸುಮಾರು 6.8 ಮಿಲಿಗ್ರಾಂವರೆಗೆ ಯೂರಿಕ್ ಆಮ್ಲ ಕರಗಿರಬಲ್ಲದು. ಅದಕ್ಕಿಂತ ಹೆಚ್ಚಾಗಿ ಬಹುಕಾಲ ಉಳಿದರೆ, ಗಟ್ಟಿ ಸಕ್ಕರೆ ಪಾಕದ ತಳದಲ್ಲಿ ಹರಳು ಕಟ್ಟುವ ಹಾಗೆ, ಕೀಲುಗಳಲ್ಲಿ ಸೂಜಿಯಂಥ ಸಣ್ಣ ಹರಳುಗಳು ಕೂರುತ್ತವೆ. ಹೆಬ್ಬೆರಳಿನ ಬುಡ, ಹರಡು, ಮೊಣಕಾಲು ಇವುಗಳ ಇಷ್ಟದ ಜಾಗಗಳು. ಒಂದು ರಾತ್ರಿ ಇದ್ದಕ್ಕಿದ್ದಂತೆ ಆ ಕೀಲು ಕೆಂಪಾಗಿ, ಬಿಸಿಯಾಗಿ, ಮೇಲೆ ಹೊದಿಕೆ ತಗುಲಿದರೂ ತಡೆಯಲಾರದಷ್ಟು ನೋಯುತ್ತದೆ. ಇದೇ ಗೌಟ್. ಇನ್ನು ಕೆಲವರಲ್ಲಿ ಮೂತ್ರಪಿಂಡದ ಕಲ್ಲಾಗಿ ಇದು ತೋರುತ್ತದೆ. ಯೂರಿಕ್ ಆಮ್ಲ ಹೆಚ್ಚಿರುವ ಎಲ್ಲರಿಗೂ ಗೌಟ್ ಬರುವುದಿಲ್ಲ ಎಂಬುದನ್ನೂ ನೆನಪಿಡಿ. ನೋವು ಯಾವುದೂ ಇಲ್ಲದೆ, ಬರೀ ಪರೀಕ್ಷೆಯಲ್ಲಿ ಅಂಕೆ ತುಸು ಹೆಚ್ಚಿದ್ದರೆ ಸಾಮಾನ್ಯವಾಗಿ ಮಾತ್ರೆ ಬೇಕಾಗುವುದಿಲ್ಲ. ಅಂಥವರಿಗೆ ಊಟ, ಪಾನೀಯ, ತೂಕ ಇವುಗಳ ಎಚ್ಚರವೇ ಮುಖ್ಯ.

ಒಂದು ಭಾನುವಾರದ ಲೆಕ್ಕ

ಕರಾವಳಿಯ ಒಂದು ಊರಿನಲ್ಲಿರುವ, 52 ವರ್ಷದ ಒಬ್ಬ ಗೃಹಸ್ಥರನ್ನು ಕಲ್ಪಿಸಿಕೊಳ್ಳೋಣ. ಊರಿನ ಚರ್ಚಿನ ವಾರ್ಷಿಕ ಹಬ್ಬ. ಬೆಳಿಗ್ಗೆ ಪೂಜೆಯಿಂದ ಬಂದು ಸಣ್ಣಾ ಜೊತೆ ಹಂದಿಯ ಲಿವರಿನ ಪಲ್ಯ ತಿಂದರು, ಸುಮಾರು 75 ಗ್ರಾಂ. ಮಧ್ಯಾಹ್ನ ಹಂದಿಮಾಂಸದ ಬಫಾತ್ 200 ಗ್ರಾಂ. ಜೊತೆಗೆ ಒಂದು ಸೌಟು ಬೇಳೆ ಸಾರು. ಸಂಜೆ ನೆಂಟರೊಂದಿಗೆ ಎರಡು ದೊಡ್ಡ ಬಾಟಲಿ ಬಿಯರು. ರಾತ್ರಿ ಉಳಿದ ಮಾಂಸವನ್ನು ಬಿಸಿ ಮಾಡಿ ಇನ್ನೂ 100 ಗ್ರಾಂ. ರಾತ್ರಿ ಎರಡು ಗಂಟೆಗೆ ಬಲಗಾಲಿನ ಹೆಬ್ಬೆರಳು ಹೊತ್ತಿ ಉರಿಯತೊಡಗಿತು.

ಈಗ ಪ್ಯೂರಿನ್ ಲೆಕ್ಕ ಹಾಕೋಣ. ಹಂದಿಯ ಲಿವರಿನ 100 ಗ್ರಾಂನಲ್ಲಿ ಸುಮಾರು 285 ಮಿಲಿಗ್ರಾಂ ಪ್ಯೂರಿನ್ ಇದೆ. ಆದ್ದರಿಂದ ಬೆಳಗಿನ ಪಲ್ಯದಿಂದ ಸುಮಾರು 210. ಹಂದಿಮಾಂಸದ 100 ಗ್ರಾಂನಲ್ಲಿ ಸುಮಾರು 100 ಎಂದಿಟ್ಟುಕೊಂಡರೆ ಮಧ್ಯಾಹ್ನ ಮತ್ತು ರಾತ್ರಿ ಸೇರಿ 300. ಬಿಯರಿನಿಂದ ಸುಮಾರು 80. ಇನ್ನು ಆ ಸಾರು? ಒಂದು ಸೌಟು ಸಾರಿನಲ್ಲಿರುವುದು ಹೆಚ್ಚೆಂದರೆ 25 ಗ್ರಾಂ ಒಣ ಬೇಳೆ. ಅದರಿಂದ ಬಂದದ್ದು 25 ಮಿಲಿಗ್ರಾಂ ಆಸುಪಾಸು. ಒಟ್ಟು 600ಕ್ಕೂ ಮಿಕ್ಕಿತು. ಯೂರಿಕ್ ಆಮ್ಲ ಹೆಚ್ಚಿರುವವರು ದಿನಕ್ಕೆ 400 ಮಿಲಿಗ್ರಾಂ ಮೀರಬಾರದು ಎಂದು ಜಪಾನಿನ ವೈದ್ಯರ ಮಾರ್ಗಸೂಚಿ ಹೇಳುತ್ತದೆ.

ಮರುದಿನ ಪರೀಕ್ಷೆ ಮಾಡಿಸಿದರೆ ಯೂರಿಕ್ ಆಮ್ಲ 6.4 ಬಂತು. "ಗೌಟ್ ಇರಲಾರದು, ಉಳುಕಿರಬೇಕು" ಎಂದು ಎಣ್ಣೆ ತಿಕ್ಕಿದರು. ಇದು ಬಹಳ ಜನ ಮೋಸಹೋಗುವ ಜಾಗ. ನೋವಿನ ಉಲ್ಬಣದ ದಿನಗಳಲ್ಲಿ ರಕ್ತದ ಯೂರಿಕ್ ಆಮ್ಲ ತಾನಾಗಿ ಇಳಿದು, ಸರಿಯಾಗಿದೆ ಎಂಬಂತೆ ಕಾಣಿಸಬಹುದು. ನೋವು ಶಮನವಾಗಿ ಎರಡರಿಂದ ನಾಲ್ಕು ವಾರದ ನಂತರ ಮತ್ತೆ ಪರೀಕ್ಷಿಸಿದಾಗಲೇ ನಿಜವಾದ ಅಂಕೆ ತಿಳಿಯುವುದು. ಇವರಿಗೂ ಮೂರು ವಾರ ಕಳೆದು ನೋಡಿದಾಗ 8.6 ಇತ್ತು.

ಆಗ ಮನೆಯವರು ಮಾಡಿದ್ದೇನು? ಬೇಳೆ ಪೂರಾ ನಿಲ್ಲಿಸಿದರು. ಅನ್ನಕ್ಕೆ ಏನಾದರೂ ಬೇಕಲ್ಲ, ಅದಕ್ಕೆ ಒಣ ಸಿಗಡಿ ಚಟ್ನಿ ಮತ್ತು ಬೂತಾಯಿ ಗಸಿ ಬಂದವು. ಒಣಗಿಸಿದ ಸಿಗಡಿಯಲ್ಲಿ ನೀರಿನಂಶ ಹೋಗಿ ಪ್ಯೂರಿನ್ ಗಟ್ಟಿಯಾಗಿ ಉಳಿದಿರುತ್ತದೆ. ಹದಿನೈದು ಗ್ರಾಂ ಚಟ್ನಿಯಲ್ಲೇ 100 ಮಿಲಿಗ್ರಾಂ ದಾಟಬಹುದು. 150 ಗ್ರಾಂ ಬೂತಾಯಿಯಲ್ಲಿ 300ರಷ್ಟು. ದಿನಕ್ಕೆ 50 ಮಿಲಿಗ್ರಾಂ ಬೇಳೆಯನ್ನು ಬಿಟ್ಟು 400ರ ಮೀನನ್ನು ತಂದುಕೊಂಡ ಹಾಗಾಯಿತು.

ಬೇಳೆಕಾಳುಗಳ ಬಗ್ಗೆ

ಹಾಗಾದರೆ ಬೇಳೆಯಲ್ಲಿ ಪ್ಯೂರಿನ್ ಇಲ್ಲವೇ? ಇದೆ. ಆಹಾರ ಪಟ್ಟಿಗಳಲ್ಲಿ ಒಣ ಕಾಳಿನ ತೂಕಕ್ಕೆ ಅಂಕೆ ಕೊಟ್ಟಿರುವುದರಿಂದ ಅದು ಮಾಂಸಕ್ಕೆ ಸಮನಾಗಿ ಕಾಣುತ್ತದೆ. ಆದರೆ ಯಾರೂ ನೂರು ಗ್ರಾಂ ಒಣ ಬೇಳೆಯನ್ನು ಒಂದೇ ಊಟದಲ್ಲಿ ತಿನ್ನುವುದಿಲ್ಲ. ಬೆಂದು ನೀರು ಕುಡಿದ ಮೇಲೆ ಅದು ಎರಡು ಮೂರು ಪಟ್ಟು ತೂಗುತ್ತದೆ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಅಮೆರಿಕದಲ್ಲಿ 47,000ಕ್ಕೂ ಹೆಚ್ಚು ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಂಸ ಮತ್ತು ಮೀನು ಹೆಚ್ಚು ತಿಂದವರಿಗೆ ಗೌಟ್ ಹೆಚ್ಚಾಗಿ ಬಂತು. ಪ್ಯೂರಿನ್ ಹೆಚ್ಚಿರುವ ತರಕಾರಿ, ಕಾಳುಗಳನ್ನು ತಿಂದವರಿಗೆ ಹಾಗಾಗಲಿಲ್ಲ. ಸಿಂಗಾಪುರದ ಚೀನೀಯರ ಕುರಿತು 2015ರಲ್ಲಿ ಬಂದ ಅಧ್ಯಯನದಲ್ಲಿ ಸೋಯಾ ಮತ್ತು ಇತರ ಕಾಳುಗಳನ್ನು ಹೆಚ್ಚು ತಿನ್ನುವವರಲ್ಲಿ ಗೌಟ್ ಕಡಿಮೆಯೇ ಇತ್ತು. ಆದರೆ ಈಗಾಗಲೇ ಗೌಟ್ ಇರುವವರ ಕುರಿತ 2012ರ ಅಧ್ಯಯನವೊಂದು ಸಸ್ಯಗಳ ಪ್ಯೂರಿನ್ ಕೂಡ ಎರಡು ದಿನ ವಿಪರೀತವಾದರೆ ನೋವು ಮರುಕಳಿಸುವ ಸಂಭವ ಸ್ವಲ್ಪ ಹೆಚ್ಚುತ್ತದೆ ಎಂದು ತೋರಿಸಿತು. ಪ್ರಾಣಿಗಳ ಪ್ಯೂರಿನ್ನಿನ ಪರಿಣಾಮ ಅದಕ್ಕಿಂತ ಬಹಳ ದೊಡ್ಡದು.

ಆದ್ದರಿಂದ ಅಡುಗೆಮನೆಯಲ್ಲಿ ಹೀಗೆ ನಡೆದುಕೊಳ್ಳಿ. ತೊಗರಿಬೇಳೆ ಮತ್ತು ಹೆಸರುಬೇಳೆಯ ಸಾರು, ತೊವ್ವೆ ದಿನಕ್ಕೆ ಒಂದೆರಡು ಸೌಟು ಇರಲಿ. ಇಡ್ಲಿ ದೋಸೆಯಲ್ಲಿ ಅಕ್ಕಿಯೇ ಹೆಚ್ಚು, ಉದ್ದು ಕಡಿಮೆ. ಅದಕ್ಕೂ ಭಯ ಬೇಡ. ಬರೀ ಉದ್ದಿನಿಂದಾಗುವ ವಡೆಯನ್ನು ಒಂದೆರಡಕ್ಕೆ ನಿಲ್ಲಿಸಿ. ಹುರುಳಿ, ರಾಜ್ಮಾ, ಅವರೆ, ಅಲಸಂದೆ, ಮಸೂರ, ಸೋಯಾ ಇವನ್ನು ಇಡಿಯಾಗಿ ಬಟ್ಟಲುಗಟ್ಟಲೆ ತಿನ್ನುವ ರೂಢಿಯಿದ್ದರೆ, ಅದನ್ನು ಸಣ್ಣ ಬಟ್ಟಲಿಗೆ, ವಾರದಲ್ಲಿ ಎರಡು ಮೂರು ಸಲಕ್ಕೆ ಇಳಿಸಿ. ಪ್ಯೂರಿನ್ ಸ್ವಲ್ಪ ಭಾಗ ಬೇಯಿಸಿದ ನೀರಿಗೆ ಬಿಡುವುದರಿಂದ, ಹುರುಳಿ ಕಟ್ಟಿನ ಸಾರನ್ನು ಗೌಟ್ ಇರುವವರು ಮಿತವಾಗಿ ಬಡಿಸಿಕೊಳ್ಳುವುದು ಒಳ್ಳೆಯದು. ಒಂದೇ ದಿನ ಕಾಳಿನ ಪಲ್ಯ, ಕಾಳಿನ ಸಾರು, ಮೇಲೆ ಮಾಂಸ ಎಂದಾಗದಿರಲಿ. ಕಾಳು ಇರುವ ದಿನ ಮಾಂಸವಿಲ್ಲ ಎಂಬ ಸರಳ ನಿಯಮ ಸಾಕು.

ಪಾಲಕ್, ಹೂಕೋಸು, ಅಣಬೆ ಇವನ್ನೂ ಹೆದರಿ ಬಿಡಬೇಕಾಗಿಲ್ಲ. ಸೆಪ್ಟೆಂಬರ್ 8ರ ತೆನೆಹಬ್ಬದಂದು ಕರಾವಳಿಯ ನಮ್ಮ ಮನೆಗಳಲ್ಲಿ ಮಾಡುವ ಹಲವು ತರಕಾರಿಗಳ ಸಸ್ಯಾಹಾರದ ಊಟ ಯೂರಿಕ್ ಆಮ್ಲದವರಿಗೆ ವರ್ಷದ ಅತ್ಯಂತ ನಿರಪಾಯದ ಹಬ್ಬದೂಟ. ಮೂತ್ರಪಿಂಡದ ಕಾಯಿಲೆಯೂ ಇರುವವರ ಮಾತು ಮಾತ್ರ ಬೇರೆ. ಅವರಿಗೆ ಬೇಳೆ, ಸೊಪ್ಪು, ಎಳನೀರಿನ ಅಳತೆಯನ್ನು ಅವರ ವೈದ್ಯರೇ ಹೇಳಬೇಕು.

ಮಾಂಸ ಮತ್ತು ಮೀನು

ಪೂರ್ತಿ ಬಿಡಬೇಕಾದದ್ದು ಅಂಗಾಂಗಗಳ ಮಾಂಸ: ಲಿವರ್, ಮೂತ್ರಪಿಂಡ, ಹೃದಯ, ಮಿದುಳು. ಕೋಳಿಯ ಲಿವರಂತೂ ಹಂದಿಯದ್ದಕ್ಕಿಂತಲೂ ಹೆಚ್ಚಿನದು. ಸೊರ್ಪೊತೆಲ್‌ಗೆ ಲಿವರ್ ಬೀಳುವುದರಿಂದ ಅದೂ ಇದೇ ಸಾಲಿಗೆ ಸೇರುತ್ತದೆ. ಒಣಮೀನು, ಒಣ ಸಿಗಡಿ, ಕೊಲ್ಲತರು, ಬೂತಾಯಿ ಇವು ಮೀನಿನ ಪೈಕಿ ಮೊದಲು ಬಿಡಬೇಕಾದವು. ಸಿಗಡಿ, ಮರುವಾಯಿಗಳನ್ನು ಅಪರೂಪಕ್ಕೆ ಇಡಿ. ಬಂಗುಡೆ, ಅಂಜಲ್, ಕಾಣೆ ಮೊದಲಾದವನ್ನು ಒಂದು ತುಂಡು, ವಾರಕ್ಕೆ ಎರಡು ಸಲ ತಿನ್ನಬಹುದು.

ಕೆಂಪು ಮಾಂಸ ಕೆಟ್ಟದ್ದು, ಕೋಳಿ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ಸಲ್ಲದು. ಪ್ಯೂರಿನ್ ಮಟ್ಟಿಗೆ ಕೋಳಿಯ ಎದೆಭಾಗ ಕುರಿಮಾಂಸ, ಹಂದಿಮಾಂಸಗಳಿಗಿಂತ ಕಡಿಮೆಯಲ್ಲ, ಸ್ವಲ್ಪ ಹೆಚ್ಚೇ. ಆದ್ದರಿಂದ ಯಾವ ಮಾಂಸ ಎನ್ನುವುದಕ್ಕಿಂತ ಎಷ್ಟು ಎನ್ನುವುದೇ ಮುಖ್ಯ. ಬೆಂದ ಮಾಂಸ ಅಂಗೈಯಗಲದಷ್ಟು, ಅಂದರೆ 80ರಿಂದ 100 ಗ್ರಾಂ, ವಾರದಲ್ಲಿ ಎರಡು ಮೂರು ದಿನ. ಇಷ್ಟಕ್ಕೆ ನಿಂತರೆ ಸಾಕು.

ಕಾಯಿಲೆಯವರಿಗೆಂದು ಪ್ರೀತಿಯಿಂದ ಮಾಡುವ ಕಾಲು ಸೂಪು, ಮೂಳೆಯ ರಸ ಇವುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಮಾಂಸ ಬೇಯುವಾಗ ಅದರ ಪ್ಯೂರಿನ್ ನೀರಿಗೆ ಇಳಿಯುತ್ತದೆ. ಗಂಟೆಗಟ್ಟಲೆ ಕುದಿಸಿದ ರಸವನ್ನು ಲೋಟದಲ್ಲಿ ಕುಡಿಯುವುದೆಂದರೆ ಬಿಡಬೇಕಾದದ್ದನ್ನೇ ಸೋಸಿ ಕುಡಿದ ಹಾಗೆ. ಕೀಲುನೋವಿಗೆ ಇದು ಮದ್ದಲ್ಲ. ಇದೇ ಕಾರಣಕ್ಕೆ, ಮಾಂಸವನ್ನು ಒಮ್ಮೆ ಬೇಯಿಸಿ ನೀರು ಚೆಲ್ಲಿ ಆಮೇಲೆ ಮಸಾಲೆಗೆ ಹಾಕಿದರೆ ಸ್ವಲ್ಪ ಪ್ಯೂರಿನ್ ಕಳೆಯುತ್ತದೆ. ಪ್ರೋಟೀನಿಗೆ ಮೊಟ್ಟೆ ಮತ್ತು ಹಾಲು ನಿಮ್ಮ ಮಿತ್ರರು. ಇವೆರಡರಲ್ಲೂ ಪ್ಯೂರಿನ್ ಇಲ್ಲವೆನ್ನುವಷ್ಟು ಕಡಿಮೆ.

ಕುಡಿಯುವುದರ ಬಗ್ಗೆ

ಮದ್ಯ ಎರಡು ಕಡೆಯಿಂದ ಹೊಡೆಯುತ್ತದೆ. ದೇಹದೊಳಗೆ ಯೂರಿಕ್ ಆಮ್ಲದ ಉತ್ಪತ್ತಿಯನ್ನು ಹೆಚ್ಚಿಸುತ್ತದೆ, ಅದೇ ಹೊತ್ತಿಗೆ ಮೂತ್ರಪಿಂಡ ಅದನ್ನು ಹೊರಹಾಕದಂತೆ ತಡೆಯುತ್ತದೆ. ಮೇಲಿನ ಲೆಕ್ಕದಲ್ಲಿ ಬಿಯರಿನ 80 ಮಿಲಿಗ್ರಾಂ ಸಣ್ಣದಾಗಿ ಕಂಡರೂ, ಆ ರಾತ್ರಿಯ ನೋವಿಗೆ ಬಹುಶಃ ಅದರ ಪಾಲೇ ದೊಡ್ಡದು. ಬಿಯರಿನಲ್ಲಿ ಮದ್ಯದ ಜೊತೆ ಪ್ಯೂರಿನ್ ಕೂಡ ಇರುವುದರಿಂದ ಅದು ಎಲ್ಲಕ್ಕಿಂತ ಕೆಟ್ಟದ್ದು. "ಬಿಯರು ತಂಪು, ಮೂತ್ರ ಚೆನ್ನಾಗಿ ಹೋಗುತ್ತದೆ" ಎಂಬ ಮಾತನ್ನು ಗೌಟ್ ಇರುವವರು ಮರೆತುಬಿಡಿ. ಬ್ರಾಂಡಿ, ವಿಸ್ಕಿಗಳು ಅದರ ನಂತರ ಬರುತ್ತವೆ. ಹುದುಗಿದ ಕಳ್ಳೂ ಮದ್ಯವೇ.

ಎರಡನೆಯದು ಸಿಹಿ ಪಾನೀಯ. ಇದನ್ನು ಯಾರೂ ಅನುಮಾನಿಸುವುದಿಲ್ಲ. ಸಕ್ಕರೆಯ ಅರ್ಧಭಾಗ ಫ್ರಕ್ಟೋಸ್. ಅದು ಲಿವರಿನಲ್ಲಿ ಒಡೆಯುವಾಗ ಪ್ಯೂರಿನ್ ತಿನ್ನದೆಯೇ ಯೂರಿಕ್ ಆಮ್ಲ ಹುಟ್ಟುತ್ತದೆ. 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಎರಡು ಅಥವಾ ಹೆಚ್ಚು ಸಿಹಿ ತಂಪುಪಾನೀಯ ಕುಡಿಯುವ ಗಂಡಸರಿಗೆ, ತಿಂಗಳಿಗೊಂದನ್ನೂ ಕುಡಿಯದವರಿಗಿಂತ ಗೌಟ್ ಬರುವ ಸಂಭವ ಶೇಕಡಾ 85ರಷ್ಟು ಹೆಚ್ಚಿತ್ತು. ಬಾಟಲಿಯ ತಂಪುಪಾನೀಯ, ಪೊಟ್ಟಣದ ಹಣ್ಣಿನ ರಸ, ಕಬ್ಬಿನ ಹಾಲು, ಸಕ್ಕರೆ ತುಂಬಿದ ಶರಬತ್ತು ಎಲ್ಲವೂ ಇದರಲ್ಲಿ ಬಂತು. ಹಣ್ಣನ್ನು ಹಣ್ಣಾಗಿಯೇ ತಿನ್ನಿ. ಮದ್ಯ ಬಿಟ್ಟೆ ಎಂದು ಅದರ ಬದಲು ದಿನಕ್ಕೆರಡು ಸಿಹಿ ಬಾಟಲಿ ಕುಡಿಯುವವರು ಅರ್ಧ ಗೆದ್ದು ಅರ್ಧ ಸೋಲುತ್ತಾರೆ.

ಹಾಗಾದರೆ ಕುಡಿಯಬೇಕಾದ್ದು ಯಾವುದು? ಮೊದಲು ನೀರು. ಮೂತ್ರ ತಿಳಿಹಳದಿ ಬಣ್ಣದಲ್ಲಿರುವಷ್ಟು, ಸಾಮಾನ್ಯವಾಗಿ ದಿನಕ್ಕೆ ಎರಡರಿಂದ ಎರಡೂವರೆ ಲೀಟರು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ನೀರು ಮಿತಗೊಳಿಸಿರುವವರು ವೈದ್ಯರು ಹೇಳಿದಷ್ಟೇ ಕುಡಿಯಬೇಕು. ಕೆನೆ ತೆಗೆದ ಹಾಲು, ನೀರು ಮಜ್ಜಿಗೆ ಒಳ್ಳೆಯದು. ಹಾಲಿನ ಪ್ರೋಟೀನು ಯೂರಿಕ್ ಆಮ್ಲ ಹೊರಹೋಗಲು ನೆರವಾಗುತ್ತದೆ. ಕಾಫಿ, ಚಹಾ ಬಿಡಬೇಕಾಗಿಲ್ಲ, ಸಕ್ಕರೆ ಕಡಿಮೆ ಮಾಡಿದರೆ ಸಾಕು.

ತಪಸ್ಸುಕಾಲದಲ್ಲಿ

ತಪಸ್ಸುಕಾಲ ಬಂದಾಗ ಎರಡು ವಿಷಯ ಗಮನಿಸಿ. ಮಾಂಸ ವರ್ಜಿಸಿ ಅದರ ಬದಲು ಬೂತಾಯಿ, ಸಿಗಡಿ ತಿಂದರೆ ಧರ್ಮಸಭೆಯ ನಿಯಮ ಪಾಲನೆಯಾಗಬಹುದು, ಕೀಲಿಗೆ ಮಾತ್ರ ಬಿಡುವು ಸಿಗುವುದಿಲ್ಲ. ಆ ದಿನಗಳಲ್ಲಿ ಗಂಜಿ, ತರಕಾರಿ ಪಲ್ಯ, ಮಜ್ಜಿಗೆಯ ಊಟವೇ ಎರಡಕ್ಕೂ ಹೊಂದುತ್ತದೆ.

ಎರಡನೆಯದು, ದಿನವಿಡೀ ನೀರೂ ಕುಡಿಯದೆ ಉಪವಾಸ ಮಾಡುವುದು. ಹೊಟ್ಟೆ ಖಾಲಿಯಿರುವಾಗ ದೇಹ ತನ್ನ ಕೊಬ್ಬನ್ನು ಕರಗಿಸುತ್ತದೆ. ಆಗ ಹುಟ್ಟುವ ಆಮ್ಲಗಳು ಮೂತ್ರಪಿಂಡದಲ್ಲಿ ಯೂರಿಕ್ ಆಮ್ಲದ ದಾರಿಗೆ ಅಡ್ಡ ನಿಲ್ಲುತ್ತವೆ. ನೀರೂ ಕಡಿಮೆಯಾದರೆ ರಕ್ತದಲ್ಲಿ ಅದು ಏರುತ್ತದೆ. ಶುಭ ಶುಕ್ರವಾರ ಕಠಿಣ ಉಪವಾಸ, ಪಾಸ್ಖದ ಭಾನುವಾರ ಮಾಂಸ ಮತ್ತು ಮದ್ಯ: ಗೌಟ್ ಕೆರಳಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಉಪವಾಸದ ನಿಯಮ ರೋಗಿಗಳನ್ನು ಕಟ್ಟಿಹಾಕುವುದಿಲ್ಲ. ನಿಯಮದ ಉಪವಾಸವೂ ಒಂದು ಪೂರ್ಣ ಊಟ ಮತ್ತು ಎರಡು ಲಘು ಆಹಾರಕ್ಕೆ ಅವಕಾಶ ಕೊಡುತ್ತದೆ. ನೀರನ್ನು ಎಂದೂ ನಿಷೇಧಿಸುವುದಿಲ್ಲ. ತೂಕ ಇಳಿಸುವವರಿಗೂ ಇದೇ ಮಾತು: ನಿಧಾನವಾಗಿ ಇಳಿಸಿ, ಊಟ ಬಿಟ್ಟು ಇಳಿಸಬೇಡಿ.

ಪಥ್ಯದಿಂದ ಎಷ್ಟು ಇಳಿಯುತ್ತದೆ?

ಕಟ್ಟುನಿಟ್ಟಿನ ಪಥ್ಯದಿಂದ ಸಾಮಾನ್ಯವಾಗಿ ಇಳಿಯುವುದು ಸುಮಾರು 1 ಮಿಲಿಗ್ರಾಂ. 7.2 ಇರುವವರಿಗೆ ಅದು ದೊಡ್ಡ ಗೆಲುವು. ನಮ್ಮ ಗೃಹಸ್ಥರಂತೆ 8.6 ಇದ್ದು, ನೋವು ಮರುಕಳಿಸುವವರಿಗೆ ಅಷ್ಟು ಸಾಲದು. ಅವರನ್ನು 6ಕ್ಕಿಂತ ಕೆಳಗೆ ಇಳಿಸಲು ವೈದ್ಯರು ಅಲೋಪ್ಯೂರಿನಾಲ್‌ನಂಥ ಮಾತ್ರೆ ಕೊಡುತ್ತಾರೆ. ಅದನ್ನು ನೋವಿದ್ದಾಗ ನುಂಗಿ, ಇಲ್ಲದಾಗ ಬಿಡುವಂತಿಲ್ಲ. ನೋವಿನ ನಡುವೆ ತಾನಾಗಿ ನಿಲ್ಲಿಸುವುದೂ ತಪ್ಪು. ರಕ್ತದೊತ್ತಡಕ್ಕೆ ಕೊಡುವ ಕೆಲವು ಮೂತ್ರಸ್ರಾವದ ಮಾತ್ರೆಗಳು, ಹೃದಯಕ್ಕೆ ಕೊಡುವ ಸಣ್ಣ ಪ್ರಮಾಣದ ಆಸ್ಪಿರಿನ್ ಕೂಡ ಯೂರಿಕ್ ಆಮ್ಲ ಏರಿಸಬಲ್ಲವು. ಅವನ್ನು ನೀವಾಗಿ ಬಿಡದೆ, ನೀವು ನುಂಗುವ ಎಲ್ಲ ಮಾತ್ರೆಗಳ ಚೀಟಿಯನ್ನು ವೈದ್ಯರ ಮುಂದಿಡಿ. ಊದಿದ ಕೀಲಿನೊಂದಿಗೆ ಚಳಿಜ್ವರ ಬಂದರೆ ಅದು ಕೀಲಿನ ಸೋಂಕೂ ಆಗಿರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಈ ಲೇಖನವನ್ನು ಕತ್ತರಿಸಿಡುವವರು ಕ್ರಮವನ್ನು ನೆನಪಿಡಿ. ಮೊದಲು ಬಿಡಬೇಕಾದದ್ದು ಬಿಯರು ಮತ್ತು ಉಳಿದ ಮದ್ಯ, ಲಿವರು, ಒಣಮೀನು, ಮಾಂಸದ ಸೂಪು, ಸಿಹಿ ಬಾಟಲಿ. ಆಮೇಲೆ ಅಳೆಯಬೇಕಾದದ್ದು ಮಾಂಸ ಮತ್ತು ಮೀನು. ಕೊನೆಗೆ ಇಡೀ ಕಾಳುಗಳನ್ನು ಸ್ವಲ್ಪ ಮಿತಗೊಳಿಸಬೇಕು. ಇಷ್ಟೆಲ್ಲ ಆದ ಮೇಲೂ ಒಂದು ಸೌಟು ತೊಗರಿಬೇಳೆ ಸಾರಿಗೆ ನಿಮ್ಮ ತಟ್ಟೆಯಲ್ಲಿ ಜಾಗವಿದೆ.